ಆ 180 ದಿನ ಯಾರದ್ದು?

2024ರ ಫೆಬ್ರುವರಿ 12, ಸೋಮವಾರ. ಬೆಳಿಗ್ಗೆ ಮಿಡಿ ಕೊಯ್ಯುವವರು ಬರುವವರಿದ್ದರು. ಚಾ ಕುಡಿಯುತ್ತ ಫೋನ್ ತೆಗೆದರೆ ನಮ್ಮ ಉಪ್ಪಿನಕಾಯಿಯ ಪೇಜು ಇಲ್ಲ. ಅದರ ಜಾಗದಲ್ಲಿ ಬಿಳಿ ಪರದೆ, ನಿಮ್ಮ ಖಾತೆಯನ್ನು ಅಮಾನತು ಮಾಡಿದ್ದೇವೆ ಎಂಬ ಒಂದು ಸಾಲು, ಅದರ ಕೆಳಗೆ `180 days left to appeal` ಎಂದು ಇನ್ನೊಂದು ಸಾಲು.

ಆ ಎರಡನೆಯ ಸಾಲು ನೋಡಿ ಅವತ್ತು ನನಗೆ ಸಮಾಧಾನವೇ ಆಯಿತು. ಅರ್ಧ ವರ್ಷ ಟೈಮಿದೆ, ಮಿಡಿ ಕೆಲಸ ಮುಗಿಸಿ ನೋಡಿಕೊಂಡರಾಯಿತು ಅಂದುಕೊಂಡೆ. ಮುಂದೆ ಆದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಸಮಾಧಾನದಿಂದಲೇ ಹುಟ್ಟಿದ್ದು.

ನಮ್ಮದು ಶಿರಸಿ ಹತ್ತಿರದ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆ. ಫೋಟೊ ಹಂಚುವ ದೊಡ್ಡದೊಂದು ಆಪ್‌ನಲ್ಲಿ ಆರು ವರ್ಷದಿಂದ ಖಾತೆ ಇತ್ತು, ಹನ್ನೊಂದು ಸಾವಿರ ಚಿಲ್ಲರೆ ಜನ ಫಾಲೋ ಮಾಡುತ್ತಿದ್ದರು. ಅಂಗಡಿ ಅಂತ ಬೇರೆ ಇಲ್ಲ. ಆರ್ಡರ್ ಬರುವುದು, ವಿಳಾಸ ಕೊಡುವುದು, "ಹೋದ ವರ್ಷದ್ದಕ್ಕಿಂತ ಖಾರ ಕಮ್ಮಿ ಇರಲಿ" ಅನ್ನುವುದು, ಎಲ್ಲ ಅದರ ಮೆಸೇಜಿನಲ್ಲೇ. ಮಿಡಿ ಬರುವುದೂ ಫೆಬ್ರುವರಿಯಿಂದ ಏಪ್ರಿಲ್ ತನಕ. ಖಾತೆ ಹೋಗುವುದಕ್ಕೆ ಇದಕ್ಕಿಂತ ಕೆಟ್ಟ ವಾರ ಇರಲಿಲ್ಲ.

ಮೂರನೇ ದಿನ ರಾತ್ರಿ ಕೂತು ಅಪೀಲು ಹಾಕಿದೆ. ಅದರಲ್ಲಿ ದೊಡ್ಡ ಕೆಲಸವೇನಿಲ್ಲ. ಇಮೇಲ್‌ಗೆ ಒಂದು ಕೋಡ್, ಫೋನ್‌ಗೆ ಒಂದು ಕೋಡ್, ಆಮೇಲೆ ಮುಖ ಎಡಕ್ಕೆ ಬಲಕ್ಕೆ ತಿರುಗಿಸುವ ಸೆಲ್ಫಿ ವಿಡಿಯೊ. ಏನಾಯಿತು, ಏಕೆ ತಪ್ಪು ಅಂತ ಬರೆಯುವುದಕ್ಕೆ ಜಾಗವೇ ಇರಲಿಲ್ಲ. ನಾನು ಮನುಷ್ಯಳು ಎಂದು ತೋರಿಸಿದೆ, ಅಷ್ಟೇ. ಸುಮಾರು ಒಂದು ದಿನದಲ್ಲಿ ಪರಿಶೀಲನೆ ಆಗುತ್ತದೆ ಎಂದು ಪರದೆ ಹೇಳಿತು. ಆ 180ರ ಲೆಕ್ಕ ಮಾಯವಾಗಿ, ನಿಮ್ಮ ಮಾಹಿತಿ ನೋಡುತ್ತಿದ್ದೇವೆ ಎಂಬ ಸಾಲು ಬಂತು.

ಲೆಕ್ಕ ಕಾಣಿಸದೆ ಹೋದಾಗ ಲೆಕ್ಕ ನಿಂತಿತು ಅಂತ ನಾನು ತಿಳಿದೆ. ಕೋರ್ಟಿನಲ್ಲಿ ಹಾಗೆ ತಾನೆ? ಅವಧಿಯೊಳಗೆ ಅರ್ಜಿ ಕೊಟ್ಟರೆ ಮುಗಿಯಿತು, ತೀರ್ಪು ಹತ್ತು ವರ್ಷ ತಡವಾದರೂ ಅರ್ಜಿ ಸಾಯುವುದಿಲ್ಲ. ಇಲ್ಲಿ ಹಾಗಲ್ಲ ಎಂದು ಗೊತ್ತಾಗುವ ಹೊತ್ತಿಗೆ ಮಳೆಗಾಲ ಬಂದಿತ್ತು.

ಒಂದು ದಿನ ಅಂದದ್ದು ಒಂದು ವಾರವಾಯಿತು, ಒಂದು ತಿಂಗಳಾಯಿತು. ದಿನಾ ಬೆಳಿಗ್ಗೆ ತೆಗೆದು ನೋಡುತ್ತಿದ್ದೆ, ಅದೇ ಸಾಲು. ನಡುವೆ ಒಬ್ಬ ಪುಣ್ಯಾತ್ಮ ಟೆಲಿಗ್ರಾಮ್‌ನಲ್ಲಿ ಸಿಕ್ಕಿ, "ನಮಗೆ ಒಳಗಿನವರು ಗೊತ್ತು ಮೇಡಂ, ಎಂಟು ಸಾವಿರ ಕೊಡಿ, ಎರಡು ದಿನದಲ್ಲಿ ತರಿಸಿಕೊಡ್ತೀನಿ" ಅಂದ. ಮೊದಲು ಇಮೇಲ್ ಪಾಸ್‌ವರ್ಡ್ ಬೇಕು ಅಂದಾಗ ನನ್ನ ಯಜಮಾನರು ಫೋನ್ ಕಸಿದುಕೊಂಡು ಬ್ಲಾಕ್ ಮಾಡಿದರು. ಇಂಥವರು ಈ ಗೋಳಿನ ಸುತ್ತ ನೊಣದ ಹಾಗೆ ಇದ್ದಾರೆ.

ಏಪ್ರಿಲ್‌ನಲ್ಲಿ ಮಿಡಿಯೆಲ್ಲ ಉಪ್ಪಿಗೆ ಬಿದ್ದ ಮೇಲೆ ಸ್ವಲ್ಪ ಪುರುಸೊತ್ತು ಸಿಕ್ಕಿತು. ಬೆಂಗಳೂರಿನಲ್ಲಿ ವಕೀಲಿ ಮಾಡುವ ನಮ್ಮ ಭಾವನಿಗೆ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆ, "ಕುಂದುಕೊರತೆ ಅಧಿಕಾರಿಗೆ ಬರೆದ್ಯಾ?" ಹಾಗೊಬ್ಬರು ಇದ್ದಾರೆ ಎಂದೇ ನನಗೆ ಗೊತ್ತಿರಲಿಲ್ಲ.

ಅವನು ವಿವರಿಸಿದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಪ್‌ನೊಳಗಿನ ಅಪೀಲು ಕಂಪನಿಯ ಮನೆಯೊಳಗಿನ ವ್ಯವಹಾರ. ಅದರ ನಿಯಮ ಅವರದ್ದು, ಅದಕ್ಕೆ ಅವರು ಇಷ್ಟೇ ದಿನದಲ್ಲಿ ಉತ್ತರ ಕೊಡಬೇಕು ಅಂತ ನಮಗೆ ಮಾತು ಕೊಟ್ಟಿಲ್ಲ. 180 ದಿನ ಎನ್ನುವುದು ನಾವು ಕೇಳುವುದಕ್ಕೆ ಇಟ್ಟ ಗಡುವು. ಅವರು ಹೇಳುವುದಕ್ಕೆ ಇಟ್ಟದ್ದಲ್ಲ. ಆದರೆ ನಮ್ಮ ದೇಶದಲ್ಲಿ ಇದರ ಹೊರಗೆ ಇನ್ನೊಂದು ದಾರಿ ಇದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಸಂಪರ್ಕವನ್ನು ಎದ್ದು ಕಾಣುವಂತೆ ಹಾಕಬೇಕು. ದೂರು ಬಂದ 24 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಆಗಿನ ನಿಯಮದಂತೆ 15 ದಿನದೊಳಗೆ ಅದನ್ನು ವಿಲೇವಾರಿ ಮಾಡಬೇಕಿತ್ತು. ಅಲ್ಲಿ ಆದದ್ದು ಒಪ್ಪಿಗೆಯಾಗದಿದ್ದರೆ, ಅಧಿಕಾರಿಯ ಉತ್ತರ ಕೈಸೇರಿದ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ಅಕ್ಟೋಬರ್‌ನ ತಿದ್ದುಪಡಿಯಲ್ಲಿ ಇದು ಬಂತು, 2023ರ ಜನವರಿಯಲ್ಲಿ ಅಂಥ ಮೂರು ಸಮಿತಿಗಳಾದವು. ಎಲ್ಲ `gac.gov.in` ಮೂಲಕವೇ, ದಿಲ್ಲಿಗೆ ಓಡಾಟ ಇಲ್ಲ. ಸಮಿತಿಯೂ 30 ದಿನದೊಳಗೆ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂದಿದೆ. (ಇದು 2024ರಲ್ಲಿ ನಾನು ನಡೆದ ದಾರಿಯ ಲೆಕ್ಕ. ಈ ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ನೀವು ಹೊರಡುವಾಗ ದಿನಗಳನ್ನು ಹೊಸದಾಗಿ ನೋಡಿಕೊಂಡೇ ಹೊರಡಿ.)

ಏಪ್ರಿಲ್ 22ಕ್ಕೆ ಕುಂದುಕೊರತೆ ಅಧಿಕಾರಿಗೆ ದೂರು ಬರೆದೆ. ಖಾತೆಯ ಹೆಸರು, ಅಮಾನತಾದ ದಿನ, ಅಪೀಲು ಹಾಕಿದ ದಿನ, ಎರಡು ಸ್ಕ್ರೀನ್‌ಶಾಟ್, ಆಹಾರ ಪರವಾನಗಿಯ ಪ್ರತಿ. ಅದೇ ಸಂಜೆ ಒಂದು ಇಮೇಲ್ ಬಂತು, ಟಿಕೆಟ್ ನಂಬರಿನ ಸಮೇತ: ನಿಮ್ಮ ದೂರು ತಲುಪಿದೆ, ಖಾತೆಯ ತೊಂದರೆಗಳಿಗೆ ನಮ್ಮ ಸಹಾಯ ಪುಟ ನೋಡಿ. ಯಂತ್ರ ಬರೆದದ್ದು ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. ಆಮೇಲೆ ಸದ್ದಿಲ್ಲ. ಮೇ 7ಕ್ಕೆ 15 ದಿನ ಮುಗಿಯಿತು.

ಇಲ್ಲಿ ನಾನು ಒಂದು ವಾರ ಒದ್ದಾಡಿದೆ. ನಿಯಮದಲ್ಲಿ 30 ದಿನ ಎಣಿಸುವುದು ಅಧಿಕಾರಿಯಿಂದ ಉತ್ತರ ಬಂದ ದಿನದಿಂದ. ಉತ್ತರವೇ ಬರದಿದ್ದರೆ? ಯಾವ ದಿನದಿಂದ ಎಣಿಸಬೇಕು?

ನನಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅಭ್ಯಾಸ ಇತ್ತು. ಪಂಚಾಯ್ತಿಯಲ್ಲಿ ರಸ್ತೆಯ ಲೆಕ್ಕ ಕೇಳಿದ್ದೆ. ಅಲ್ಲಿ 30 ದಿನದಲ್ಲಿ ಉತ್ತರ ಬಾರದಿದ್ದರೆ ನಿರಾಕರಿಸಿದ ಹಾಗೆ ಎಂದು ಕಾಯ್ದೆಯೇ ಹೇಳುತ್ತದೆ. ಸುಮ್ಮನಿದ್ದರೂ ಅದಕ್ಕೊಂದು ಅರ್ಥ ಕೊಟ್ಟಿದ್ದಾರೆ, ಮರುದಿನದಿಂದಲೇ ಮೊದಲ ಮೇಲ್ಮನವಿಯ 30 ದಿನ ಶುರು. ಈ ನಿಯಮಗಳಲ್ಲಿ ಮೌನಕ್ಕೆ ಅಂಥ ಅರ್ಥ ಬರೆದದ್ದು ನನಗೆ ಕಾಣಲಿಲ್ಲ. ಉತ್ತರ ಕೊಡದಿದ್ದರೆ ಖಾತೆ ತನ್ನಷ್ಟಕ್ಕೆ ವಾಪಸ್ ಬರುತ್ತದೆ ಎಂದೂ ಇಲ್ಲ, ತಿರಸ್ಕರಿಸಿದ ಹಾಗೆ ಎಂದೂ ಇಲ್ಲ. ನಿಯಮ ಪಾಲಿಸದ ಕಂಪನಿಗೆ ಕಾನೂನಿನ ರಕ್ಷಣೆ ತಪ್ಪಬಹುದು ಎಂದಿದೆ. ಅಂದರೆ ಬಳಕೆದಾರರು ಹಾಕಿದ್ದಕ್ಕೆ ಕಂಪನಿಯನ್ನು ಹೊಣೆ ಮಾಡದೆ ಬಿಡುವ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 79ರ ಕವಚ ಹೋಗಬಹುದು. ಅದು ಸರ್ಕಾರಕ್ಕೂ ಕಂಪನಿಗೂ ನಡುವಿನ ಮಾತು. ನನ್ನ ಉಪ್ಪಿನಕಾಯಿಗೆ ಅದರಿಂದ ಎಂತ ಆಗಬೇಕು.

ಭಾವ ಹೇಳಿದ್ದು ಸರಳವಾಗಿತ್ತು. "ಆ ಯಂತ್ರದ ಇಮೇಲ್ ಬಂತಲ್ಲ, ಅದನ್ನೇ ಉತ್ತರ ಅಂತ ಹಿಡಿ. ಅಲ್ಲಿಂದ 30 ದಿನದೊಳಗೆ ಹಾಕು. ಬೇಗ ಹಾಕಿದವರನ್ನು ತಡ ಆಯ್ತು ಅಂತ ಯಾರೂ ಓಡಿಸೋದಿಲ್ಲ." ಏಪ್ರಿಲ್ 22ರಿಂದ 30 ದಿನ ಎಂದರೆ ಮೇ 22. ಎರಡು ದಿನ ಕೈಯಲ್ಲಿಟ್ಟುಕೊಂಡು ಮೇ 20ಕ್ಕೆ ಸಮಿತಿಗೆ ಮೇಲ್ಮನವಿ ಹಾಕಿದೆ. 15 ದಿನವೂ ಕಳೆದಿತ್ತು, 30 ದಿನವೂ ಮೀರಿರಲಿಲ್ಲ. ಈ ಸಂದಿನಲ್ಲಿ ಹಾಕಿದರೆ ಯಾವ ಲೆಕ್ಕದಲ್ಲಿ ಎಣಿಸಿದರೂ ನಾವು ಒಳಗೇ ಇರುತ್ತೇವೆ.

ಜೂನ್ 18ಕ್ಕೆ ಕಂಪನಿಯ ವಿವರಣೆ ನನ್ನ ಕೈಗೆ ಸಿಕ್ಕಿತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಬರೆದ ಹಾಗೆ ಕಾಣುವ ವಾಕ್ಯ. ನಿಮ್ಮ ಖಾತೆಯಲ್ಲಿ ತಪ್ಪಿಲ್ಲ, ಅದಕ್ಕೆ ಜೋಡಿಸಿರುವ ಇನ್ನೊಂದು ಖಾತೆ ನಿಯಮ ಮುರಿದ ಕಾರಣ ಇದೂ ಅಮಾನತಾಗಿದೆ, ಅಪೀಲು ಹಾಕಬೇಕಾದದ್ದು ಆ ಖಾತೆಯಿಂದ. ಆ ಖಾತೆಯ ಹೆಸರು ಕೆಳಗಿತ್ತು: ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಎಲ್ಲ ಕಲಸಿದ ಒಂದು ವಿಚಿತ್ರ ಹೆಸರು.

ಅದನ್ನು ಜೋರಾಗಿ ಓದಿದೆ. ಒಳಗೆ ಮೊಬೈಲ್ ಒತ್ತುತ್ತ ಮಲಗಿದ್ದ ನಮ್ಮ ಅಕ್ಕನ ಮಗ ಎದ್ದು ಕೂತ.

"ಚಿಕ್ಕಮ್ಮ, ಅದು ನಂದು."

ಆರು ವರ್ಷದ ಹಿಂದೆ ನಮ್ಮ ಪೇಜು ಮಾಡಿಕೊಟ್ಟವನು ಅವನೇ. ಆಗ ಅವನಿಗೆ ಹತ್ತು. ಹೋದ ವರ್ಷ ನನ್ನ ಫೋನ್ ಕೆಟ್ಟಾಗ ತನ್ನ ಫೋನಿನಲ್ಲೇ ಪೇಜು ತೆರೆದು ಕೊಟ್ಟಿದ್ದ. ಪ್ರತಿ ಸಲ ಪಾಸ್‌ವರ್ಡ್ ಹೊಡೆಯುವುದು ಬೇಡ ಅಂತ ತನ್ನ ಖಾತೆಗೂ ನಮ್ಮದಕ್ಕೂ ಗಂಟು ಹಾಕಿದ್ದ. ಆ ಖಾತೆಯಲ್ಲಿ ಅವನು ಒಬ್ಬ ಕ್ರಿಕೆಟ್ ಆಟಗಾರನ ಫೋಟೊ ಹಾಕಿ, ಹೆಸರೂ ಅವನದ್ದೇ ಇಟ್ಟುಕೊಂಡಿದ್ದ. ಬೇರೆಯವರ ವೇಷ ಹಾಕಿದ ತಪ್ಪಿಗೆ ಜನವರಿ 30ಕ್ಕೆ ಅದು ಅಮಾನತಾಗಿತ್ತು. ಅವನು ಅದನ್ನು ಬಿಟ್ಟು ಹೊಸದೊಂದು ಮಾಡಿಕೊಂಡು ಹಾಯಾಗಿದ್ದ. ಎರಡು ವಾರದ ಮೇಲೆ ಅದರ ಹಿಂದೆಯೇ ನಮ್ಮದೂ ಹೋಯಿತು. ಇವೆರಡಕ್ಕೂ ಸಂಬಂಧ ಇದೆ ಎಂದು ಅವನಿಗೂ ಹೊಳೆದಿರಲಿಲ್ಲ, ಪಾಪ.

ಹೋಗಿ ಫೆಬ್ರುವರಿ 12ರ ಇಮೇಲ್ ಮತ್ತೆ ತೆಗೆದೆ. ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಆ ಹೆಸರು ಇತ್ತು. ಮೊದಲ ದಿನದಿಂದಲೂ ಇತ್ತು. ನಾನು ಅದನ್ನು ಟಿಕೆಟ್ ನಂಬರೋ ಎಂಥದೋ ಅಂದುಕೊಂಡು ದಾಟಿ ಹೋಗಿದ್ದೆ. ಈ ಒಂದು ವಿಷಯದಲ್ಲಿ ಕಂಪನಿಯನ್ನು ಬೈಯುವ ಹಕ್ಕು ನನಗೆ ಅರ್ಧ ಮಾತ್ರ ಇದೆ. ಆ ಅರ್ಧ, ತಪ್ಪು ಬಾಗಿಲು ಎಂದು ಗೊತ್ತಿದ್ದೂ ನನ್ನ ಸೆಲ್ಫಿ ತೆಗೆದುಕೊಂಡು ನಾಲ್ಕು ತಿಂಗಳು "ನೋಡುತ್ತಿದ್ದೇವೆ" ಅಂದದ್ದಕ್ಕೆ.

ಸಮಿತಿ ಮೇಲ್ಮನವಿಯನ್ನು ಮುಗಿಸಿತು. ಜೋಡಿಸಿದ ಖಾತೆಯಿಂದ ಅಪೀಲು ಹಾಕುವ ದಾರಿ ಇನ್ನೂ ತೆರೆದಿದೆ ಎಂಬುದು ಅದರ ಸಾರ. ಅದನ್ನು ನಾನು ಸೋಲು ಅನ್ನುವುದಿಲ್ಲ. ಸಮಿತಿಗೆ ಹೋಗದಿದ್ದರೆ ನಿಜವಾದ ಕಾರಣ ನನಗೆ ತಿಳಿಯುತ್ತಲೇ ಇರಲಿಲ್ಲ.

ಅವತ್ತು ರಾತ್ರಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಇಳಿಸಿ, ನೆಲದ ಮೇಲೆ ಹಾಸಿ, ದಿನ ಎಣಿಸಲು ಕೂತೆವು. ನನ್ನ 180 ದಿನ ಮುಗಿಯುವುದು ಆಗಸ್ಟ್ 10ಕ್ಕೆ. ಆದರೆ ಮೂಲ ಖಾತೆ ಅವನದ್ದು, ಅದರ ಎಣಿಕೆ ಜನವರಿ 30ರಿಂದ. ಅದು ಮುಗಿಯುವುದು ಜುಲೈ 28ಕ್ಕೆ. ಜೂನ್ 18ಕ್ಕೆ 140 ದಿನ ಕಳೆದಿತ್ತು, ಉಳಿದದ್ದು ನಲವತ್ತು.

ಈಗ ಆ ಖಾತೆಗೂ ಇದೇ ದಾರಿ ಹಿಡಿಯಬೇಕಾದರೆ? ಅಧಿಕಾರಿಗೆ 15 ದಿನ, ಸಮಿತಿಗೆ 30 ದಿನ, ನಾವು ನಡುವೆ ಒಂದು ದಿನವೂ ಹಾಳು ಮಾಡದಿದ್ದರೂ ಒಟ್ಟು 45. ಹಾಗಾದರೆ 180ರಲ್ಲಿ 135ನೇ ದಿನದೊಳಗೆ ಹೊರಟವರಿಗೆ ಮಾತ್ರ ಅವಧಿಯೊಳಗೆ ಸಮಿತಿಯ ಮಾತು ಸಿಗಬಹುದು. ನಮ್ಮ 135ನೇ ದಿನ ಜೂನ್ 13. ಐದು ದಿನ ಹಿಂದೆ ಕಳೆದಿತ್ತು. ಸಮಿತಿಗೆ ಹೋಗಲು ಕೊಟ್ಟ 30 ದಿನವನ್ನೂ ಪೂರ್ತಿ ಬಳಸಿಕೊಂಡರೆ ಒಟ್ಟು 75 ಆಗುತ್ತದೆ, ಆಗ 105ನೇ ದಿನವೇ ಕೊನೆ. 180 ಎಂದು ಪರದೆ ಹೇಳಿದರೂ ಕೆಲಸಕ್ಕೆ ಬರುವ ದಿನಗಳು ಅಷ್ಟಿಲ್ಲ. ಅವರು ಉತ್ತರ ಕೊಡದೇ ಇರಬಹುದು ಎಂದು ಮೊದಲೇ ಲೆಕ್ಕಕ್ಕೆ ಹಿಡಿದರೆ ನಿಮ್ಮದು ಮೂರೂವರೆ ತಿಂಗಳು.

ಆದರೂ ಹಾಕಿದೆವು. ಅವನು ತನ್ನ ಖಾತೆಯಿಂದ ಕೋಡ್ ಹೊಡೆದು, ಸೆಲ್ಫಿ ಕೊಟ್ಟು ಅಪೀಲು ಕಳಿಸಿದ. ಮುಖ ಆಟಗಾರನದ್ದಲ್ಲ ಎನ್ನುವುದು ಆ ವಿಡಿಯೊದಲ್ಲೇ ಸಾಬೀತಾಗುತ್ತಿತ್ತು ಎಂದು ನೆನೆದು ಇಬ್ಬರಿಗೂ ನಗು ಬಂತು. ಜೂನ್ 19ಕ್ಕೆ ಅಧಿಕಾರಿಗೆ ಇನ್ನೊಂದು ದೂರು: ಗಂಟು ಬಿಡಿಸಿ ನಮ್ಮದನ್ನಾದರೂ ಕೊಡಿ ಎಂದು. ಅಮಾನತಿನಲ್ಲಿರುವಾಗ ನಾವೇ ಬಿಡಿಸುವುದಕ್ಕೆ ಆಪ್ ಬಿಡುತ್ತಿರಲಿಲ್ಲ. ಜುಲೈ 3ಕ್ಕೆ, ಅಂದರೆ ಹದಿನಾಲ್ಕನೇ ದಿನಕ್ಕೆ, ಉತ್ತರ ಬಂತು: ಖಾತೆ ಪರಿಶೀಲನೆಯಲ್ಲಿದೆ, ದಯವಿಟ್ಟು ಕಾಯಿರಿ. ನಿಯಮದ ಕಣ್ಣಿಗೆ ಇದೂ ವಿಲೇವಾರಿಯೇ ಇರಬೇಕು. ಕಾಯಿರಿ ಎನ್ನುವ ಉತ್ತರಕ್ಕೂ ಉತ್ತರ ಇಲ್ಲದ್ದಕ್ಕೂ ಏನು ವ್ಯತ್ಯಾಸ ಅಂತ ಭಾವನನ್ನು ಕೇಳಿದೆ. "ಒಂದರಲ್ಲಿ ಮೇಲ್ಮನವಿಗೆ ತಾರೀಖು ಸಿಗತ್ತೆ," ಅಂದ.

ಎರಡನೇ ಸಲ ಸಮಿತಿಗೆ ನಾನು ಹೋಗಲಿಲ್ಲ. ಹೋಗಬಹುದಿತ್ತು. ಆದರೆ ಮೇಲ್ಮನವಿ ಎಂದರೆ ಆದ ತೀರ್ಮಾನ ತಪ್ಪು ಎಂದು ವಾದಿಸಬೇಕು. ಹುಡುಗನ ಖಾತೆಯ ಮಟ್ಟಿಗೆ ತೀರ್ಮಾನ ಸರಿಯಾಗಿಯೇ ಇತ್ತು. ಇನ್ನೊಬ್ಬರ ಹೆಸರು, ಮುಖ ಇಟ್ಟುಕೊಂಡದ್ದು ಹೌದು. ಅದನ್ನು ಅಲ್ಲ ಎಂದು ಬರೆಯುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಜೊತೆಗೆ ಜುಲೈ 28 ಮೈಮೇಲೆ ಬಂದಿತ್ತು.

ಬದಲಿಗೆ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸದ ಬಗ್ಗೆ ಹೇಳುತ್ತೇನೆ. ಅದೂ ಪೂರ್ತಿ ನನ್ನ ಬುದ್ಧಿಯಲ್ಲ. ಅಮಾನತಿನ ಆ ಪರದೆಯಲ್ಲಿ ಅಪೀಲಿನ ಗುಂಡಿಯ ಕೆಳಗೆ, ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳಿ ಎಂಬ ಇನ್ನೊಂದು ಸಾಲು ಇರುತ್ತದೆ. ಖಾತೆ ಬರುತ್ತದೆ ಎಂದು ನಂಬಿದವರು ಅದನ್ನು ಒತ್ತುವುದಿಲ್ಲ. ಏಪ್ರಿಲ್‌ನಲ್ಲಿ ಭಾವ ಬೈದು ಒತ್ತಿಸಿದ. ಮಾರನೇ ದಿನ ಕೊಂಡಿ ಬಂತು, ಅದು ನಾಲ್ಕು ದಿನ ಮಾತ್ರ ಜೀವಂತ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತುಳಸಿಕಟ್ಟೆಯ ಹತ್ತಿರ, ಗಾಳಿ ಈ ಕಡೆ ಬೀಸಿದರೆ. ಕಾಲಂಶ ಇಳಿಯುವುದರೊಳಗೆ ಕೊಂಡಿ ಸತ್ತಿತು. ಮತ್ತೆ ಕೇಳಿ, ಶಿರಸಿ ಪೇಟೆಯಲ್ಲಿ ಪರಿಚಯದವರ ಅಂಗಡಿಯ ವೈಫೈಯಲ್ಲಿ ಎರಡು ಗಂಟೆ ಕೂತು ಇಳಿಸಿಕೊಂಡು ಬಂದೆ.

ಬಿಡಿಸಿ ನೋಡಿದರೆ ಫೋಟೊಗಳೆಲ್ಲ ಇದ್ದವು, ಮೆಸೇಜುಗಳು ಮಾತ್ರ ಕಲಸುಮೇಲೋಗರ. ಇಂಗ್ಲಿಷ್‌ನಲ್ಲಿ ಬರೆದವರದ್ದು ಸರಿಯಾಗಿತ್ತು, ಕನ್ನಡದಲ್ಲಿ ಬರೆದವರದ್ದು ಹೀಗೆ:

```
\u00e0\u00b2\u0095
```

ಇದು ಒಂದೇ ಒಂದು "ಕ". ಇಳಿಸುವಾಗ ಯಾವ ರೂಪದಲ್ಲಿ ಬೇಕು ಎಂದು ಕೇಳಿದ್ದಕ್ಕೆ ನಾನು ಜೇಸನ್ ಎಂದು ಒತ್ತಿದ್ದೆ. ಆ ರೂಪದಲ್ಲಿ ಕನ್ನಡದ ಅಕ್ಷರವನ್ನು ಮೂರು ಚೂರು ಮಾಡಿ, ಒಂದೊಂದು ಚೂರನ್ನೂ ಬೇರೆ ಬೇರೆ ಅಕ್ಷರ ಎಂದು ಬರೆದಿಟ್ಟಿರುತ್ತಾರೆ. ಇನ್ನೊಂದು ಆಯ್ಕೆಯಾದ ಎಚ್‌ಟಿಎಂಎಲ್ ಒತ್ತಿದ್ದರೆ ಬ್ರೌಸರ್‌ನಲ್ಲೇ ಓದಬಹುದಿತ್ತು ಅಂತ ಆಮೇಲೆ ಗೊತ್ತಾಯಿತು. ಹುಡುಗ, ತಪ್ಪಿತಸ್ಥನ ಮುಖ ಹೊತ್ತುಕೊಂಡೇ, ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲು ಬರೆದು ಎಲ್ಲವನ್ನೂ ಕನ್ನಡಕ್ಕೆ ತಂದ:

```
s.encode('latin1').decode('utf8')
```

ಚೂರುಗಳನ್ನು ಮತ್ತೆ ಜೋಡಿಸಿ ಓದು ಎನ್ನುವುದಷ್ಟೇ ಅದರ ಅರ್ಥ. ಕಣ್ಣೆದುರೇ "ಅಕ್ಕಾ, ಅನಂತಭಟ್ಟನ ಅಪ್ಪೆ ಈ ವರ್ಷ ಇದ್ಯಾ?" ಎಂದು ಸಾಲು ತೆರೆದುಕೊಂಡಿತು. ಆಮೇಲೆ ಹತ್ತಂಕಿಯ ನಂಬರುಗಳನ್ನು ಹುಡುಕಿ ತೆಗೆದು ನೋಟ್‌ಬುಕ್‌ಗೆ ಬರೆದೆವು. ಪಿನ್‌ಕೋಡ್ ಸಮೇತ ವಿಳಾಸ ಕೊಟ್ಟವರು ನಾನೂರ ಹತ್ತು ಜನ ಸಿಕ್ಕರು. ಹನ್ನೊಂದು ಸಾವಿರದಲ್ಲಿ ನಾನೂರ ಹತ್ತು ಎಂದರೆ ಕಮ್ಮಿ ಅನಿಸಬಹುದು. ಆದರೆ ನಿಜವಾಗಿ ಉಪ್ಪಿನಕಾಯಿ ತಿಂದವರು ಇವರೇ.

ಜುಲೈ 28 ಭಾನುವಾರ. ಮಳೆ ಹೊಯ್ಯುತ್ತಿತ್ತು, ಕರೆಂಟ್ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹುಡುಗನ ಖಾತೆ ತೆಗೆದರೆ ಪರಿಶೀಲನೆಯ ಸಾಲು ಹೋಗಿ, ಖಾತೆಯನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಲಾಗಿದೆ, ಮತ್ತೆ ಪರಿಶೀಲನೆ ಕೇಳಲಾಗದು ಎಂಬ ಸಾಲು. ಅಪೀಲನ್ನು ನೋಡಿ ತಳ್ಳಿಹಾಕಿದೆವು ಅಂತಲೂ ಇಲ್ಲ, ನೋಡಲಿಲ್ಲ ಅಂತಲೂ ಇಲ್ಲ. ನಮ್ಮದು ಇನ್ನೂ "ನೋಡುತ್ತಿದ್ದೇವೆ"ಯಲ್ಲೇ ನಿಂತಿತ್ತು. ಹಾಗಾದರೆ ನಮ್ಮದು ಬೇರೆಯೇ ಇರಬಹುದು ಎಂದು ಇನ್ನೂ ಹನ್ನೆರಡು ದಿನ ಆಸೆ ಇಟ್ಟುಕೊಂಡಿದ್ದೆ. ಆಗಸ್ಟ್ 11ರ ಬೆಳಿಗ್ಗೆ ಅಲ್ಲೂ ಅದೇ ಸಾಲು ಬಂತು. ಫೆಬ್ರುವರಿಯಲ್ಲಿ ಕಾಣದೆ ಹೋದ ಲೆಕ್ಕ ಒಳಗೊಳಗೇ ಓಡುತ್ತಲೇ ಇತ್ತು.

ಮುಚ್ಚಿದ ಮೇಲೆ ಏನೇನಾಗುತ್ತದೆ ಎಂದು ಕೇಳುವವರಿಗೆ, ನಾನು ಕಂಡದ್ದು ಇಷ್ಟು. ಮಾಹಿತಿ ಇಳಿಸಿಕೊಳ್ಳುವ ಸಾಲು ಆ ಪರದೆಯಿಂದ ಮಾಯವಾಯಿತು. ಏಪ್ರಿಲ್‌ನಲ್ಲಿ ಭಾವ ಬೈಯದಿದ್ದರೆ ಆ ನಾನೂರ ಹತ್ತು ಜನವೂ ಹೋಗುತ್ತಿದ್ದರು. ಪೇಜಿನ ಹೆಸರು ಖಾಲಿಯಾಗಲಿಲ್ಲ. ಹೊಸ ಖಾತೆಗೆ ಅದೇ ಹೆಸರು ಕೊಡಲು ಹೋದರೆ ಸಿಗುವುದಿಲ್ಲ ಅಂದಿತು, ಹುಡುಕಿದರೆ ಅಂಥವರು ಯಾರೂ ಇಲ್ಲ ಅಂದಿತು. ಗಿರಾಕಿಗಳು ತಮ್ಮ ಫೋಟೊದಲ್ಲಿ ನಮ್ಮ ಹೆಸರು ಹಾಕಿದ್ದರಲ್ಲ, ಒತ್ತಿದರೆ ಈಗ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಇಮೇಲ್‌ನಿಂದ ಹೊಸದು ತೆರೆದೆ, ಎರಡೇ ದಿನದಲ್ಲಿ ಅದೂ ಅಮಾನತು. ಕೊನೆಗೆ ಯಜಮಾನರ ನಂಬರ್, ಹೊಸ ಇಮೇಲ್, ಬೇರೆ ಫೋನ್, ಯಾರ ಖಾತೆಗೂ ಗಂಟಿಲ್ಲದೆ ಮಾಡಿದ್ದು ನಿಂತಿತು.

ಕೋರ್ಟಿನ ಮಾತೂ ಬಂದಿತ್ತು. ಒಂದು ನೋಟಿಸ್ ಕಳಿಸೋಣ ಎಂದ ಭಾವ, ಆಮೇಲೆ ತಾನೇ, "ಮುಂದಿನ ಮಿಡಿಗೆ ಹಾಕು ಆ ದುಡ್ಡು" ಅಂದ.

ಹುಡುಗ ಈಗ ಪಿಯುಸಿ. ತನ್ನ ಫೋನಿನಲ್ಲಿ ಯಾರ ಖಾತೆಯೂ ಬೇಡ ಎಂದು ಅವನೇ ನಿಯಮ ಮಾಡಿಕೊಂಡಿದ್ದಾನೆ. ಹೊಸ ಪೇಜಿಗೆ ಒಂದು ಸಾವಿರ ಜನ ಆಗಿದ್ದಾರೆ. ಸೀಸನ್ನಿನ ಆರ್ಡರ್ ಹೆಚ್ಚಿನದು ಈಗ ವಾಟ್ಸಾಪ್‌ಗೆ ಬರುತ್ತದೆ, ನಾನು ಪ್ರತಿ ಆರ್ಡರನ್ನೂ ಸಂಜೆ ನೋಟ್‌ಬುಕ್‌ಗೆ ಇಳಿಸುತ್ತೇನೆ, ಕೈಬರಹದಲ್ಲಿ.

ಜನವರಿಯಲ್ಲಿ, ಇದೆಲ್ಲ ಶುರುವಾಗುವ ಮೊದಲು, ಬಾಟಲಿಗೆ ಅಂಟಿಸುವ ಚೀಟಿ ಎರಡು ಸಾವಿರ ಪ್ರಿಂಟ್ ಮಾಡಿಸಿದ್ದೆವು. ಹಳೆಯ ಪೇಜಿನ ಹೆಸರು ಕೆಳಗೆ ಹಸಿರು ಅಕ್ಷರದಲ್ಲಿದೆ. ಬಿಸಾಡಲು ಮನಸ್ಸಿಲ್ಲ. ಶಿರಸಿಯಲ್ಲಿ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ, ಹಳೆಯ ಹೆಸರು ಮುಚ್ಚುವಷ್ಟು ಅಗಲದ್ದು, ಫೋನ್ ನಂಬರ್ ಮಾತ್ರ ಇರುವಂಥದ್ದು. ಅತ್ತೆಯವರು ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು ಒಂದೊಂದಕ್ಕೇ ಒತ್ತುತ್ತಾರೆ. ಇನ್ನೂ ಆರುನೂರು ಬಾಕಿ ಇವೆ.